ಹಾಜರಿ ಹಾಕಿಸಿಕೊಳ್ಳುವ ಜೂಜು

ಮಟ್ಕಾ ನಮ್ಮ ಬಳ್ಳಾರಿ ಸೀಮೆಗೆ ಹೊಸದಲ್ಲ. ಚೀಟಿ ಬರೆಯುವವನು ಊರಿನ ಯಾವ ಮೂಲೆಯಲ್ಲಿ ನಿಲ್ಲುತ್ತಾನೆ ಎಂಬುದು ಆಡುವವರಿಗೂ ಗೊತ್ತಿತ್ತು, ಆಡದವರಿಗೂ ಗೊತ್ತಿತ್ತು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 78ನೇ ಕಲಂ ಅಡಿ ಅವನ ಮೇಲೆ ಕೇಸು ಬೀಳುತ್ತಿತ್ತು. ಕೆಲವು ದಿನ ಕಾಣೆಯಾಗಿ ಮತ್ತೆ ಬರುತ್ತಿದ್ದ. ಆ ಜೂಜಿನಿಂದ ಹಾಳಾದ ಮನೆಗಳು ಎಷ್ಟೋ ಇವೆ. ಆದರೂ ಅದಕ್ಕೆ ಒಂದು ಮಿತಿಯಿತ್ತು. ಆಡುವವನು ಎದ್ದು, ಚಪ್ಪಲಿ ಮೆಟ್ಟಿ, ಅವನಿದ್ದಲ್ಲಿಗೆ ಹೋಗಬೇಕಿತ್ತು. ಓಪನ್, ಕ್ಲೋಸ್ ನಂಬರ್ ಬರುವ ಹೊತ್ತು ಕಾಯಬೇಕಿತ್ತು. ನಾಲ್ಕು ದಿನ ಹೋಗದೆ ಇದ್ದರೆ ಚೀಟಿ ಬರೆಯುವವನು ಮನೆ ಬಾಗಿಲಿಗೆ ಬಂದು, "ಯಾಕಪ್ಪ, ಈ ಕಡೆ ಬರಲೇ ಇಲ್ಲ, ತಗೊ ಐವತ್ತು ರೂಪಾಯಿ, ಇವತ್ತು ಒಂದಾಟ ಆಡು" ಎಂದು ಕರೆಯುತ್ತಿರಲಿಲ್ಲ.

ಆ್ಯಪ್ ಕರೆಯುತ್ತದೆ. ದಿನಾ ಕರೆಯುತ್ತದೆ. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಕುಳಿತವನನ್ನೂ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಮಷಿನ್ ಮುಂದೆ ಕುಳಿತವನನ್ನೂ, ಕುರುಗೋಡಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿರುವ ಕಾಲೇಜು ಹುಡುಗನನ್ನೂ ಒಂದೇ ಹೊತ್ತಿಗೆ ಕರೆಯುತ್ತದೆ. ಹಣ ಕಟ್ಟಿ ಆಡುವ ಈ ಆ್ಯಪ್‌ಗಳ ಬಗ್ಗೆ ಮಾತಾಡುವಾಗ ನಾವು ಸೋತ ಮೊತ್ತವನ್ನಷ್ಟೇ ಹೇಳುತ್ತೇವೆ. ಆ ಮೊತ್ತದ ಹಿಂದೆ ಮೂರು ಸಣ್ಣ ಸಾಧನಗಳಿವೆ: ಫೋನಿಗೆ ಬರುವ ನೋಟಿಫಿಕೇಶನ್, ಬಿಡದೆ ಬಂದರೆ ಕೊಡುವ ಸ್ಟ್ರೀಕ್ ಬಹುಮಾನ, ಒಳಗೆ ಬಂದದ್ದಕ್ಕೇ ಕೊಡುವ ದಿನದ ಬೋನಸ್. ಮನುಷ್ಯನನ್ನು ಮತ್ತೆ ಮತ್ತೆ ಒಳಕ್ಕೆ ಎಳೆಯುವುದು ಇವೇ. ಈ ವಾರ ಇವುಗಳ ಲೆಕ್ಕವನ್ನು ಬಿಡಿಸಿ ನೋಡೋಣ.

ಮೊದಲು ನೋಟಿಫಿಕೇಶನ್. ಆ್ಯಪ್ ಹಾಕಿಕೊಂಡು ತೆರೆದಾಗ ಆ ಫೋನಿಗೊಂದು ಗುರುತಿನ ಸಂಕೇತ ಸಿಗುತ್ತದೆ, "ಅನುಮತಿಸಿ" ಎಂದು ಒತ್ತಿದರೆ ಸಂದೇಶ ಬರಲು ದಾರಿಯಾಗುತ್ತದೆ. ಆ ಗುರುತು ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತದೆ. ಅದರ ಪಕ್ಕದಲ್ಲೇ ನೀವು ಯಾವಾಗ ತೆರೆದಿರಿ, ಎಷ್ಟು ಹಾಕಿದಿರಿ, ಎಷ್ಟು ಕಳೆದುಕೊಂಡಿರಿ, ಎಷ್ಟು ದಿನದಿಂದ ಬಂದಿಲ್ಲ ಎಂಬುದೆಲ್ಲ ಕೂಡುತ್ತ ಹೋಗುತ್ತದೆ. ಯಾರಿಗೆ ಯಾವಾಗ ಯಾವ ಸಂದೇಶ ಎಂದು ಯಾರೂ ಕುಳಿತು ಬರೆಯುವುದಿಲ್ಲ. ನಿಯಮವನ್ನು ಒಮ್ಮೆ ಬರೆದಿಟ್ಟರೆ ಸಾಕು, ಮುಂದಿನದು ತಾನಾಗಿ ನಡೆಯುತ್ತದೆ.

ಆ ನಿಯಮಗಳಲ್ಲಿ ಮುಖ್ಯವಾದವು ಮೂರು ಬಗೆ. ಒಂದು, ಹೊತ್ತು ನೋಡಿ ಕರೆಯುವುದು. ಐಪಿಎಲ್ ಸಂಜೆ ಪಂದ್ಯದ ಟಾಸ್ ಏಳಕ್ಕೆ, ಆಟ ಏಳೂವರೆಗೆ. ಆ ಅರ್ಧ ಗಂಟೆಯಲ್ಲಿ "ಇನ್ನು ಇಷ್ಟೇ ನಿಮಿಷ, ತಂಡ ಕಟ್ಟಿ" ಎಂಬ ಸಂದೇಶಗಳು ಮಳೆಯಂತೆ ಬೀಳುತ್ತಿದ್ದವು. ಕೆಲಸ ಮುಗಿಸಿ ಮನೆಗೆ ಬಂದು, ಊಟಕ್ಕೆ ಇನ್ನೂ ಕೂರದ ಹೊತ್ತು ಅದು. ಎರಡು, ಬಾರದವನನ್ನು ಹುಡುಕಿ ಕರೆಯುವುದು. ಒಂದು ದಿನ ತಪ್ಪಿದರೆ ನೆನಪಿಸುವುದು, ಮೂರು ದಿನ ತಪ್ಪಿದರೆ ಸಣ್ಣ ಬೋನಸ್ ತೋರಿಸುವುದು, ವಾರ ತಪ್ಪಿದರೆ ದೊಡ್ಡದು. ಬಿಡಬೇಕೆಂದು ಮನಸ್ಸು ಮಾಡಿದವನಿಗೇ ದೊಡ್ಡ ಆಮಿಷ ಬರುವುದು ಇದರಿಂದ. ಮೂರು, ಸೋತವನನ್ನು ಕರೆಯುವುದು. ಸೋತು ಆ್ಯಪ್ ಮುಚ್ಚಿದ ಸ್ವಲ್ಪ ಹೊತ್ತಿಗೆ "ನಿಮ್ಮ ನಷ್ಟದ ಶೇ. 10 ವಾಪಸ್, ಇವತ್ತೇ ಬಳಸಿ" ಎಂದು ಬರುತ್ತದೆ. ಐನೂರು ಸೋತವನ ಖಾತೆಗೆ ಐವತ್ತು ಬಂದು ಕೂರುತ್ತದೆ. ಹೋದ ನಾನೂರೈವತ್ತರ ಸಂಕಟ ಹಸಿಯಾಗಿರುವಾಗಲೇ ಅದನ್ನು ಗೆದ್ದು ತರಲು ಕೈಗೆ ಐವತ್ತು ಕೊಟ್ಟು ಕಳಿಸಿದ ಹಾಗೆ.

ಇನ್ನು ಸ್ಟ್ರೀಕ್ ಮತ್ತು ದಿನದ ಬೋನಸ್. ಆ್ಯಪ್ ತೆರೆದ ಕೂಡಲೇ ಏಳು ಮನೆಗಳ ಒಂದು ಪಟ್ಟಿ ಕಾಣುತ್ತದೆ. ಕೆಲವು ಆ್ಯಪ್‌ಗಳು ಇದನ್ನು ಹಾಜರಿ ಎಂದೇ ಕರೆಯುತ್ತವೆ. ಮೊದಲ ದಿನಗಳಿಗೆ ಚಿಲ್ಲರೆ ಕಾಸು, ಏಳನೆಯ ದಿನಕ್ಕೆ ದೊಡ್ಡ ಮೊತ್ತ. ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದನೆಯ ಮನೆಯಿಂದ ಶುರು. ಹೊಸ ಭಾಷೆ ಕಲಿಸುವ ಆ್ಯಪ್‌ಗಳಲ್ಲೂ ಈ ತಂತ್ರವಿದೆ, ಆದರೆ ಅಲ್ಲಿ ತಪ್ಪಿದರೆ ಹೋಗುವುದು ಒಂದು ಅಂಕೆ ಮಾತ್ರ.

ಈ ಪಟ್ಟಿ ಮನಸ್ಸಿನ ಯಾವ ಜಾಗವನ್ನು ಹಿಡಿಯುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಾದ ಸಂಗತಿ. ಸಿಗಬಹುದಾದ ನೂರು ರೂಪಾಯಿಯ ಸಂತೋಷಕ್ಕಿಂತ ಕೈಯಲ್ಲಿದ್ದ ನೂರು ಹೋಗುವ ನೋವು ಹೆಚ್ಚು ಎಂದು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದರು. ನಾಲ್ಕು ದಿನ ಬಿಡದೆ ಹಾಜರಿ ಹಾಕಿದವನಿಗೆ ಐದನೆಯ ದಿನ ಆ ಪಟ್ಟಿ ತನ್ನ ಸ್ವಂತ ಗಳಿಕೆಯಂತೆ ಕಾಣುತ್ತದೆ. ಅದನ್ನು ಕಳೆದುಕೊಳ್ಳಬಾರದೆಂದು ಒಳಗೆ ಹೋಗುತ್ತಾನೆ. ಆಡಬೇಕೆಂಬ ಆಸೆ ಆ ಹೊತ್ತಿಗೆ ಇರಬೇಕೆಂದೇನೂ ಇಲ್ಲ. ಆದರೆ ಬೋನಸ್ ಒತ್ತುವ ಜಾಗ ಇರುವುದು ಆಟದ ಪರದೆಯ ಮೇಲೆಯೇ. ಹಾಜರಿ ಹಾಕಲು ಬಂದವನ ಕಣ್ಣ ಮುಂದೆ ಮುಂದಿನ ಸುತ್ತಿನ ಸೆಕೆಂಡುಗಳು ಇಳಿಯುತ್ತಿರುತ್ತವೆ.

ಈಗ ಒಂದು ಲೆಕ್ಕ ಮಾಡೋಣ. ಕಾಲೇಜು ಹುಡುಗರ ಬಾಯಲ್ಲಿ "ಕಲರ್ ಗೇಮ್" ಎಂದು ಓಡಾಡುವ ಆಟವನ್ನೇ ತೆಗೆದುಕೊಳ್ಳೋಣ, ಅದರ ನಿಯಮ ಸರಳ. ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕೆ ಬೀಳುತ್ತದೆ. ಹಸಿರಿನ ಮೇಲೆ ನೂರು ರೂಪಾಯಿ ಕಟ್ಟಿದರೆ ಮೊದಲು ಎರಡು ರೂಪಾಯಿ ಶುಲ್ಕ ಕಳೆದು 98 ಎಂದು ಹಿಡಿಯುತ್ತಾರೆ. 1, 3, 7, 9 ಬಿದ್ದರೆ ಅದರ ಎರಡರಷ್ಟು, ಅಂದರೆ 196. 5 ಬಿದ್ದರೆ ಒಂದೂವರೆಯಷ್ಟು, 147. ಉಳಿದ ಐದು ಅಂಕೆಗಳಲ್ಲಿ ಯಾವುದು ಬಿದ್ದರೂ ಹಣ ಹೋಯಿತು. ಹತ್ತೂ ಅಂಕೆಗಳು ಸಮನಾಗಿ ಬೀಳುತ್ತವೆ ಎಂದು ನಂಬಿದರೂ, ಹಾಕಿದ ಪ್ರತಿ ನೂರಕ್ಕೆ ಸರಾಸರಿ ವಾಪಸ್ ಬರುವುದು 93 ರೂಪಾಯಿ 10 ಪೈಸೆ. ಸುತ್ತಿಗೆ ಸುಮಾರು ಏಳು ರೂಪಾಯಿ ಆ್ಯಪ್‌ನವನ ಪಾಲು. ನಿಮಿಷಕ್ಕೊಂದು ಸುತ್ತು ನಡೆಯುವ ಆಟದಲ್ಲಿ ಒಂದು ಗಂಟೆ ನೂರು ನೂರು ಕಟ್ಟಿ ಕುಳಿತವನು ಸರಾಸರಿ 414 ರೂಪಾಯಿ ಕಳೆದುಕೊಂಡು ಏಳುತ್ತಾನೆ. ಇದು ಪ್ರಾಮಾಣಿಕ ಆಟದ ಲೆಕ್ಕ. ಅಂಕೆ ಬೀಳುವುದು ಆ್ಯಪ್‌ನವನದೇ ಸರ್ವರ್‌ನಲ್ಲಿ, ಅದನ್ನು ಪರೀಕ್ಷಿಸಲು ಆಡುವವನಿಗೆ ದಾರಿಯಿಲ್ಲ.

ಇದರ ಮೇಲೆ ಹಾಜರಿ ಪಟ್ಟಿಯನ್ನು ಇಟ್ಟು ನೋಡಿ. ಉದಾಹರಣೆಗೆ ಏಳು ದಿನದ ಬೋನಸ್ 2, 3, 5, 7, 10, 15, 50 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 92. ಈ ತೊಂಬತ್ತೆರಡನ್ನು ನೇರವಾಗಿ ಬ್ಯಾಂಕಿಗೆ ಹಾಕಿಸಿಕೊಳ್ಳಲು ಆಗುವುದಿಲ್ಲ. ಬೋನಸ್ ಹಣವನ್ನು ಇಂತಿಷ್ಟು ಪಟ್ಟು ಆಡಿದ ಮೇಲೆಯೇ ತೆಗೆಯಬಹುದು ಎಂಬ ಷರತ್ತು ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯ. ಹತ್ತು ಪಟ್ಟು ಎಂದು ಹಿಡಿದರೆ 920 ರೂಪಾಯಿ ಕಟ್ಟಿ ಆಡಬೇಕು. ಅಷ್ಟು ಆಡುವುದರಲ್ಲಿ ಸರಾಸರಿ 63 ರೂಪಾಯಿ ಆ್ಯಪ್‌ನವನಿಗೇ ವಾಪಸ್ ಹೋಗುತ್ತದೆ. ವಾರವಿಡೀ ಹಾಜರಿ ಹಾಕಿ ಕೈಗೆ ಉಳಿಯುವುದು ಮೂವತ್ತು ರೂಪಾಯಿಯ ಆಸುಪಾಸು. ಇನ್ನು ಕೆಲವು ಆ್ಯಪ್‌ಗಳಲ್ಲಿ ಮೇಲಿನ ಮನೆಗಳ ಬೋನಸ್ ಬೇಕಾದರೆ ಮೊದಲು ಇಂತಿಷ್ಟು ಹಣ ತುಂಬಿರಬೇಕು ಎಂಬ ಇನ್ನೊಂದು ಬೀಗವೂ ಇರುತ್ತದೆ.

ಮೂವತ್ತಾದರೂ ಬಂತಲ್ಲ ಎನ್ನಬಹುದು. ನಷ್ಟ ಹುಟ್ಟುವುದು ಇಲ್ಲಿಂದ ಮುಂದೆ. ಹಾಜರಿ ಹಾಕಲು ಹೋದವನು ದಿನಕ್ಕೆ ಬರೀ ಐದು ಸುತ್ತು, ಇಪ್ಪತ್ತು ರೂಪಾಯಿಯಂತೆ ಆಡುತ್ತಾನೆ ಎನ್ನೋಣ. ವಾರಕ್ಕೆ 35 ಸುತ್ತು, ಮೂರು ವಾರಕ್ಕೆ 105. ಇಂಥ ಆಟಗಳಿಗೆ ಅಂಟಿಕೊಂಡ ಟೆಲಿಗ್ರಾಂ ಗುಂಪುಗಳಲ್ಲಿ ಒಬ್ಬ "ಸರ್" ಇರುತ್ತಾನೆ. ಸೋತರೆ ಮುಂದಿನ ಸುತ್ತಿಗೆ ಎರಡರಷ್ಟು ಕಟ್ಟು, ಗೆದ್ದಾಗ ಹಿಂದಿನದೆಲ್ಲ ವಾಪಸ್ ಬರುತ್ತದೆ ಎಂದು ಅವನು ಕಲಿಸುತ್ತಾನೆ. ಇಪ್ಪತ್ತು ಸೋತರೆ ನಲವತ್ತು, ಆಮೇಲೆ ಎಂಬತ್ತು, ನೂರಅರವತ್ತು, ಮುನ್ನೂರಿಪ್ಪತ್ತು, ಆರುನೂರನಲವತ್ತು. ಸತತ ಆರು ಸೋಲು ಬಂದರೆ ಹೋದದ್ದು 1,260 ರೂಪಾಯಿ. ಆರು ಸೋಲು ಒಟ್ಟಿಗೆ ಬರುವುದು ಅಪರೂಪ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅರ್ಧಕ್ಕರ್ಧ ಸೋಲುವ ಆಟವನ್ನು ನೂರು ಸುತ್ತು ಆಡಿದರೆ ಎಲ್ಲೋ ಒಂದು ಕಡೆ ಸತತ ಆರು ಸೋಲು ಬರುವ ಸಾಧ್ಯತೆ ಶೇ. 50ಕ್ಕಿಂತ ಹೆಚ್ಚು. ಒಂದೇ ದಿನ ಐದು ಸುತ್ತು ಆಡಿ ಬಿಟ್ಟವನಿಗೆ ಅದು ತಟ್ಟಲಾರದು. ದಿನಾ ಬರುವವನಿಗೆ ಇಂದಲ್ಲ ನಾಳೆ ತಟ್ಟುತ್ತದೆ. ಅವನನ್ನು ನೂರನೆಯ ಸುತ್ತಿನವರೆಗೆ ಕರೆತಂದದ್ದು ಯಾವುದು? ಮೂರು ವಾರದ 276 ರೂಪಾಯಿ ಹಾಜರಿ ಬೋನಸ್.

ಆರನೆಯ ಸೋಲಿನ ಮೇಲೆ ಅವನು ನಿಲ್ಲುವುದಿಲ್ಲ. ಏಳನೆಯ ಸುತ್ತಿಗೆ 1,280 ಬೇಕು. ಕೈಯಲ್ಲಿ ಇಲ್ಲ. ಗೆಳೆಯನಿಗೆ ಫೋನ್ ಹೋಗುತ್ತದೆ, ಇಲ್ಲವೇ ಐದು ನಿಮಿಷದಲ್ಲಿ ಸಾಲ ಕೊಡುವ ಮತ್ತೊಂದು ಆ್ಯಪ್ ತೆರೆಯುತ್ತದೆ. ತುಂಗಭದ್ರಾ ಕಾಲುವೆ ನೀರು ನಂಬಿ ಭತ್ತ, ಮೆಣಸಿನಕಾಯಿ ಬೆಳೆಯುವ ನಮ್ಮ ಕಡೆ ದುಡ್ಡು ಕೈಗೆ ಬರುವುದು ಮಾಲು ಮಾರಿದಾಗ. ಆ್ಯಪ್ ಕೇಳುವುದು ದಿನಾ. ಈ ನಡುವಿನ ಅಂತರವನ್ನು ತುಂಬುವುದು ಸಾಲ. ಗೊಬ್ಬರಕ್ಕೆಂದು ಇಟ್ಟ ಹಣ, ತಂಗಿಯ ಹಾಸ್ಟೆಲ್ ಫೀಸು, ಅವ್ವನ ಸಂಘದ ಕಂತು, ಇವೆಲ್ಲ ಒಂದೊಂದಾಗಿ ಆ ಅಂತರಕ್ಕೆ ಬೀಳುತ್ತವೆ.

"ಮನಸ್ಸು ಗಟ್ಟಿ ಇದ್ರೆ ಯಾವ ಮೆಸೇಜ್ ಏನು ಮಾಡ್ತದ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಅವರಿಗೆ ಬ್ರಿಟನ್ನಿನ ಒಂದು ಪ್ರಕರಣ ಉತ್ತರ ಹೇಳುತ್ತದೆ. ಅಲ್ಲಿ ಜೂಜು ಕಾನೂನುಬದ್ಧ, ಅದಕ್ಕೊಂದು ನಿಯಂತ್ರಣ ಆಯೋಗವಿದೆ. ಚಟ ಹತ್ತಿದವರು ತಾವಾಗಿ ಹೆಸರು ಕೊಟ್ಟು "ನನ್ನನ್ನು ಒಳಗೆ ಬಿಡಬೇಡಿ" ಎಂದು ಬರೆಸುವ ಏರ್ಪಾಡೂ ಇದೆ. 2021ರ ನವೆಂಬರ್ 2ರಂದು ಸ್ಕೈ ಬೆಟ್ಟಿಂಗ್ ಆ್ಯಂಡ್ ಗೇಮಿಂಗ್ ಎಂಬ ಕಂಪನಿ, ಐದು ಪೌಂಡ್ ಕಟ್ಟಿದರೆ ಉಚಿತ ಆಟ ಕೊಡುತ್ತೇವೆ ಎಂಬ ಇಮೇಲ್ ಹರಿಬಿಟ್ಟಿತು. ಆ ಇಮೇಲ್ ಹೋದವರಲ್ಲಿ ಹಾಗೆ ಹೆಸರು ಬರೆಸಿ ಹೊರಗುಳಿದಿದ್ದ 41,395 ಮಂದಿ ಇದ್ದರು. ಜಾಹೀರಾತು ಬೇಡವೆಂದು ಹೇಳಿದ್ದ ಇನ್ನೂ 2,49,159 ಮಂದಿ ಇದ್ದರು. ಆಯೋಗ 2022ರ ಮಾರ್ಚ್‌ನಲ್ಲಿ ಕಂಪನಿಗೆ 11.7 ಲಕ್ಷ ಪೌಂಡ್ ದಂಡ ಹಾಕಿತು. ಮನಸ್ಸು ಗಟ್ಟಿ ಮಾಡಿಕೊಂಡು, ಬೇಡ ಎಂದು ಬರೆದು ಕೊಟ್ಟವರ ಬಾಗಿಲಿಗೂ ಆ ಕರೆ ಹೋಗಿತ್ತು. ನಿಯಂತ್ರಣ, ದಂಡ, ದಾಖಲೆ ಎಲ್ಲ ಇರುವ ದೇಶದಲ್ಲಿ ಹೀಗಾದರೆ, ಮಾಲೀಕನ ವಿಳಾಸವೇ ಗೊತ್ತಿಲ್ಲದ ಆ್ಯಪ್ ನಮ್ಮ ಹುಡುಗರ "ಬೇಡ"ಕ್ಕೆ ಬೆಲೆ ಕೊಡುತ್ತದೆಯೇ? ಚಟದಿಂದ ಹೊರಬರಲು ಹೆಣಗುತ್ತಿರುವವನನ್ನು ದಿನಕ್ಕೆ ನಾಲ್ಕು ಸಲ ಕರೆದು, ಅವನು ಸೋತಾಗ ಅವನ ಮನೋಬಲವನ್ನು ಜರಿಯುವುದು ಅನ್ಯಾಯ.

ನಮ್ಮಲ್ಲಿ ಕಾನೂನು ಬಂದ ದಾರಿಯೂ ಅಂಕುಡೊಂಕು. ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್‌ನಿಂದ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ತೆರೆದೇ ಇತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟುವ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡುವವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಅವನನ್ನು ಬಲಿಯಾದವನೆಂದು ನೋಡಿರುವುದು ಈ ಕಾಯ್ದೆಯ ಒಳ್ಳೆಯ ಗುಣ. ಈ ಮಾತನ್ನು ಮನೆಯವರು ನೆನಪಿಡಬೇಕು. ಮಗ ಸಿಕ್ಕಿಕೊಂಡಿದ್ದಾನೆ ಎಂದು ಠಾಣೆಗೆ ಹೋಗಿ ಹೇಳಿದರೆ, ಆಡಿದ್ದಕ್ಕಾಗಿ ಈ ಕಾಯ್ದೆಯಡಿ ಅವನನ್ನೇ ಒಳಗೆ ಹಾಕುತ್ತಾರೆಂದು ಹೆದರಬೇಕಿಲ್ಲ.

ಕಾಯ್ದೆ ಬಂದ ಮೇಲೆ ಹೆಸರುವಾಸಿ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಆದರೆ ಕರೆ ನಿಂತಿಲ್ಲ, ಬರುವ ದಾರಿ ಬದಲಾಗಿದೆ. ಪ್ಲೇ ಸ್ಟೋರಿನಲ್ಲಿ ಸಿಗದ ಆ್ಯಪ್‌ಗಳು ಲಿಂಕ್ ಮೂಲಕ ಫೋನಿಗೆ ಇಳಿಯುತ್ತವೆ. ಹೊರದೇಶದ ಸೈಟುಗಳು ಬ್ರೌಸರ್‌ನಲ್ಲೇ "ಅನುಮತಿಸಿ" ಎಂದು ಕೇಳುತ್ತವೆ. ಒಮ್ಮೆ ಒತ್ತಿದರೆ ಆ್ಯಪ್ ಇಲ್ಲದೆಯೇ ನೋಟಿಫಿಕೇಶನ್ ಬರುತ್ತಿರುತ್ತದೆ. ದಿನದ ಬೋನಸ್ "ಗಿಫ್ಟ್ ಕೋಡ್" ಎಂಬ ಹೆಸರಿನಲ್ಲಿ ಟೆಲಿಗ್ರಾಂ ಗುಂಪಿಗೆ ಬೀಳುತ್ತದೆ, ಮೊದಲು ಬಂದವರಿಗೆ ಮಾತ್ರ ಎಂಬ ಷರತ್ತಿನೊಂದಿಗೆ. ಅದಕ್ಕಾಗಿ ಹುಡುಗರು ಆ ಗುಂಪನ್ನು ಗಳಿಗೆಗೊಮ್ಮೆ ತೆರೆದು ನೋಡುತ್ತಾರೆ. ಹಾಜರಿಯ ಪುಸ್ತಕ ಬೇರೆ ಕಡೆ ಹೋಗಿದೆ ಅಷ್ಟೇ, ಹಾಜರಿ ಮುಂದುವರಿದಿದೆ.

ನಮ್ಮ ದೇಶದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು, ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಪರದೆ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದರೂ ಮತ್ತೆ ಮತ್ತೆ ಕಾಡುವುದು ಎರಡೂ ಅದರಲ್ಲಿವೆ. ಬಾರದವನಿಗೆ ಆಮಿಷ ಹೆಚ್ಚಿಸುವುದು, ಸೋತವನನ್ನು ಸೋಲಿನ ಬಿಸಿಯಲ್ಲೇ ಕರೆಯುವುದು, ಇವನ್ನೂ ಹೆಸರಿಟ್ಟು ಆ ಪಟ್ಟಿಗೆ ಸೇರಿಸಬೇಕು. ಬಳ್ಳಾರಿ ಪೊಲೀಸರು ಐಪಿಎಲ್ ಕಾಲದಲ್ಲಿ ಬುಕ್ಕಿಗಳನ್ನು ಹಿಡಿಯುವಷ್ಟೇ ಆಸ್ಥೆಯಿಂದ ಈ ಟೆಲಿಗ್ರಾಂ ಗುಂಪುಗಳ ಸ್ಥಳೀಯ ಏಜೆಂಟರನ್ನು ಹುಡುಕಬೇಕು. ಹೊಸಬನನ್ನು ಸೇರಿಸಿದರೆ ಕಮಿಷನ್ ಎಂಬ ಆಸೆಗೆ ಈ ಕೆಲಸ ಮಾಡುವವರು ಬಹಳ ಸಲ ಅದೇ ಊರಿನ, ಅದೇ ಕಾಲೇಜಿನ ಹುಡುಗರು. ಅವರನ್ನು ಹುಡುಕಲು ದೂರ ಹೋಗಬೇಕಿಲ್ಲ.

ಮನೆಯವರು ಏನನ್ನು ಗಮನಿಸಬೇಕು? ದಿನದ ಬೋನಸ್ ಬಹಳ ಕಡೆ ರಾತ್ರಿ ಹನ್ನೆರಡಕ್ಕೆ ಬದಲಾಗುತ್ತದೆ. ಮಗ ದಿನಾ ಆ ಹೊತ್ತಿಗೆ ಎಚ್ಚರವಾಗಿದ್ದು ಫೋನ್ ಹಿಡಿದರೆ, ಜಾತ್ರೆಯಲ್ಲೋ ಮದುವೆಯಲ್ಲೋ ಇದ್ದಕ್ಕಿದ್ದಂತೆ "ಒಂದ್ನಿಮಿಷ" ಎಂದು ಎದ್ದು ಹೋದರೆ, ಕೂತು ಕೇಳಿ. ಯುಪಿಐ ಪಟ್ಟಿಯನ್ನು ಜೊತೆಗೆ ಕುಳಿತು ನೋಡಿ. ನೂರು, ಇನ್ನೂರು, ಐನೂರರಂಥ ಮೊತ್ತಗಳು ದಿನಕ್ಕೊಂದು ಗೊತ್ತಿಲ್ಲದ ಹೆಸರಿಗೆ ಹೋಗಿದ್ದರೆ ಅದು ಇಂಥ ಆ್ಯಪ್‌ಗಳ ಗುರುತಿರಬಹುದು, ಯಾಕೆಂದರೆ ಇವು ಹಣ ಪಡೆಯುವ ಖಾತೆಗಳನ್ನು ಬದಲಾಯಿಸುತ್ತಲೇ ಇರುತ್ತವೆ.

ಬಿಡಬೇಕೆನ್ನುವವನು ಮೊದಲು ಕಡಿಯಬೇಕಾದದ್ದು ಕರೆಯನ್ನು. ಆ್ಯಪ್ ತೆಗೆಯುವ ಮೊದಲು ಒಳಗೆ ಖಾತೆ ಅಳಿಸುವ ದಾರಿಯಿದ್ದರೆ ಅಳಿಸಿ, ಆಮೇಲೆ ಆ್ಯಪ್ ತೆಗೆಯಿರಿ. ಬರೀ ಆ್ಯಪ್ ತೆಗೆದರೆ ಅದರ ನೋಟಿಫಿಕೇಶನ್ ನಿಲ್ಲುತ್ತದೆ, ನಿಮ್ಮ ನಂಬರ್ ಮಾತ್ರ ಅವರ ಪಟ್ಟಿಯಲ್ಲಿ ಉಳಿಯುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಅನುಮತಿ ಪಡೆದ ಸೈಟುಗಳನ್ನು ಒಂದೊಂದಾಗಿ ತೆಗೆದುಹಾಕಿ. ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಿಂದ ಹೊರಬಂದು ಆ ನಂಬರುಗಳನ್ನು ಬ್ಲಾಕ್ ಮಾಡಿ. ಒಳಗೆ ಉಳಿದ ಬೋನಸ್ ಹಣದ ಆಸೆ ಬಿಡಿ, ಅದನ್ನು ತೆಗೆಯಲು ಹೋಗಿ ಮತ್ತೆ ಸಿಕ್ಕಿಬೀಳಬಹುದು. ಮೊದಲ ಕೆಲವು ವಾರ ಹಣದ ವಹಿವಾಟನ್ನು ಮನೆಯ ಇನ್ನೊಬ್ಬರ ಕೈಗೆ ಕೊಡಿ. ನಿದ್ದೆ ಬರದೆ, ಕೈ ನಡುಗಿ, ಬದುಕು ಬೇಡ ಎನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಚಟಗಳಿಗಾಗಿಯೇ ಶಟ್ ಎಂಬ ಚಿಕಿತ್ಸಾಲಯವಿದೆ. ಹಣ ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಹೇಳಿ.

ಕರೂರಿನಿಂದ ಬಳ್ಳಾರಿಯವರೆಗೆ ಇದನ್ನು ಓದುತ್ತಿರುವ ತಂದೆ ತಾಯಿ, ಅಣ್ಣ ಅಕ್ಕಂದಿರಲ್ಲಿ ನನ್ನದು ಒಂದೇ ಮನವಿ. ಸೋತು ಬಂದ ಹುಡುಗನನ್ನು ಬೈದು ಹೊರಗೆ ಅಟ್ಟಬೇಡಿ. ಮನೆ ಮಾತು ನಿಲ್ಲಿಸಿದ ದಿನವೂ ಆ ಆ್ಯಪ್ ಅವನನ್ನು ಹೆಸರು ಹಿಡಿದು ಕರೆಯುತ್ತಿರುತ್ತದೆ. ಅದಕ್ಕಿಂತ ಮೊದಲು ನೀವು ಕರೆಯಿರಿ.